ಅತಿಥಿಯಾಗಿ ಬರಲೇ ಎಂದು ಕೇಳುವ ಮೇಲ್

ಎಂಟರಿಂದ ಹತ್ತನೇ ತರಗತಿಯ ಮಕ್ಕಳಿಗೆ ಆನ್‌ಲೈನ್‌ನಲ್ಲಿ ಬೀಜಗಣಿತ ಹೇಳಿಕೊಡುವ ಟೀಚರ್ ಒಬ್ಬರ ಮೇಲ್ ತಿದ್ದುವ ಕೆಲಸ ಅದು. ಮಕ್ಕಳ ಓದಿನ ಬಗ್ಗೆ ಪೋಷಕರಿಗಾಗಿ ನಡೆಯುವ ಒಂದು ಪಾಡ್‌ಕಾಸ್ಟ್‌ಗೆ ತಮ್ಮನ್ನು ಅತಿಥಿಯಾಗಿ ಕರೆಯಬಹುದೇ ಎಂದು ಅವರು ಕೇಳಬೇಕಿತ್ತು. ಕರಡು ಹೀಗೆ ಶುರುವಾಗಿತ್ತು: 'ನಾನು ಹಲವು ವರ್ಷಗಳ ಅನುಭವವಿರುವ ಗಣಿತ ಶಿಕ್ಷಕಿ. ನಿಮ್ಮ ಕಾರ್ಯಕ್ರಮ ತುಂಬಾ ಚೆನ್ನಾಗಿ ಮೂಡಿಬರುತ್ತಿದೆ. ನನ್ನ ಅನುಭವದಿಂದ ನಿಮ್ಮ ಕೇಳುಗರಿಗೆ ಖಂಡಿತ ಪ್ರಯೋಜನವಾಗುತ್ತದೆ.' ಕೆಳಗೆ ಪದವಿಗಳ ಪಟ್ಟಿ, ಅದರ ಕೆಳಗೆ ಟ್ಯೂಷನ್‌ನ ವೆಬ್‌ಸೈಟ್.

ಇದರಲ್ಲಿ ಸುಳ್ಳೇನೂ ಇಲ್ಲ. ಆದರೆ ಕಾರ್ಯಕ್ರಮದ ಹೆಸರು ಬದಲಿಸಿದರೆ ಇದೇ ಮೇಲ್ ಅಡುಗೆಯ ಪಾಡ್‌ಕಾಸ್ಟ್‌ಗೂ ಹೋಗುತ್ತದೆ. ನಿರೂಪಕರಿಗೆ ಒಳ್ಳೆಯ ಟೀಚರ್ ಬೇಕಾಗಿಲ್ಲ, ಮುಂದಿನ ಸಂಚಿಕೆಗೆ ಒಂದು ವಿಷಯ ಬೇಕಾಗಿದೆ. ಈ ಮೇಲ್ ಓದಿದರೆ ಆ ವಿಷಯ ಏನೆಂದು ಯೋಚಿಸುವ ಕೆಲಸವೂ ಅವರ ತಲೆಗೇ ಬೀಳುತ್ತದೆ. ಅಷ್ಟು ಪುರುಸೊತ್ತು ಅವರಿಗೆ ಇರುವುದಿಲ್ಲ.

ಹಾಗಾಗಿ ಕರಡನ್ನು ಪಕ್ಕಕ್ಕಿಟ್ಟು ಮೊದಲು ಕಾರ್ಯಕ್ರಮವನ್ನೇ ನೋಡಿದೆವು. ಹೊಸ ಕೇಳುಗರು ಬೇಕೆಂದು ಹೊರಟಾಗ ಟ್ಯೂಟರ್‌ಗಳು ಸಾಮಾನ್ಯವಾಗಿ ಮೊದಲು ಹೋಗುವುದು ಶಿಕ್ಷಕರೇ ಕೇಳುವ ಕಾರ್ಯಕ್ರಮಕ್ಕೆ. ಅಲ್ಲಿ ಮೆಚ್ಚುಗೆ ಸಿಗುತ್ತದೆ, ವಿದ್ಯಾರ್ಥಿಗಳು ಸಿಗುವುದು ಅಪರೂಪ, ಏಕೆಂದರೆ ಕೇಳುವವರೂ ಅದನ್ನೇ ಕಲಿಸುವವರು. ಟ್ಯೂಷನ್‌ಗೆ ಸೇರಿಸುವ ನಿರ್ಧಾರ ತೆಗೆದುಕೊಳ್ಳುವವರು ಪೋಷಕರು; ಅವರು ಇರುವ ಕಡೆಗೇ ಹೋಗಬೇಕು. ಇನ್ನು ಆ ಕಾರ್ಯಕ್ರಮಕ್ಕೆ ಅತಿಥಿಗಳು ಬರುತ್ತಾರೋ ಇಲ್ಲವೋ, ಕೊನೆಯ ಸಂಚಿಕೆ ಯಾವಾಗ ಬಂತು ಎನ್ನುವುದನ್ನು ಎರಡು ನಿಮಿಷದಲ್ಲಿ ನೋಡಬಹುದು. ಪಾಡ್‌ಕಾಸ್ಟ್‌ಗಳು ವಿದಾಯ ಹೇಳಿ ನಿಲ್ಲುವುದು ಕಡಿಮೆ, ಸುಮ್ಮನೆ ನಿಂತುಬಿಡುತ್ತವೆ. ತಿಂಗಳುಗಟ್ಟಲೆ ಹೊಸ ಸಂಚಿಕೆ ಇಲ್ಲದಿದ್ದರೆ ಪತ್ರ ಬರೆಯುವುದು ದಂಡ.

ಮುಖ್ಯವಾದ ಕೆಲಸ ಎರಡು ಮೂರು ಸಂಚಿಕೆಗಳನ್ನು ಪೂರ್ತಿ ಕೇಳುವುದು. ಅರ್ಧಕ್ಕೆ ಉಳಿದ ಪ್ರಶ್ನೆ ಎಲ್ಲಿದೆ ಎಂದು ಹುಡುಕಬೇಕು. ಇಲ್ಲಿ ಅದು ಪರೀಕ್ಷೆಯ ಭಯದ ಬಗೆಗಿನ ಸಂಚಿಕೆಯಲ್ಲಿ ಸಿಕ್ಕಿತು. ನಿರೂಪಕಿ ಅತಿಥಿಯನ್ನು ಕೇಳಿದ್ದರು, 'ಎಲ್ಲಾ ಗೊತ್ತಿದ್ದೂ ಸಿಲ್ಲಿ ಮಿಸ್ಟೇಕ್ ಮಾಡ್ತಾರಲ್ಲ, ಅದಕ್ಕೇನು ಮಾಡೋದು?' ಅತಿಥಿ ನಿದ್ದೆ, ಏಕಾಗ್ರತೆ ಎಂದು ಒಂದೆರಡು ಮಾತು ಹೇಳಿ ಮುಂದೆ ಹೋದರು. ಗಣಿತ ಹೇಳಿಕೊಡುವವರಿಗೆ ಆ ಪ್ರಶ್ನೆಯ ಹಿಂದೆ ಎಷ್ಟಿದೆ ಎಂದು ಗೊತ್ತು.

ಆದರೆ ಒಂದು ತೊಡಕು. ಟೀಚರ್ ಕೈಯಲ್ಲಿ ಯಾವಾಗಲೂ ಬೋರ್ಡ್ ಇರುತ್ತದೆ, ಪಾಡ್‌ಕಾಸ್ಟ್‌ನಲ್ಲಿ ಇಲ್ಲ. ಕೇಳುವವರು ನಡೆಯುತ್ತಲೋ ಪಾತ್ರೆ ತೊಳೆಯುತ್ತಲೋ ಇರುತ್ತಾರೆ, ಕಾಗದ ಪೆನ್ನು ಹಿಡಿದು ಕೂತಿರುವುದಿಲ್ಲ. ಅಪವರ್ತನವನ್ನೋ ವರ್ಗ ಸಮೀಕರಣದ ಸೂತ್ರವನ್ನೋ ಬಾಯಲ್ಲಿ ಹೇಳಿದರೆ ಅರ್ಧ ನಿಮಿಷದಲ್ಲಿ ಅವರು ಬೇರೆ ಸಂಚಿಕೆಗೆ ಹೋಗಿರುತ್ತಾರೆ. ಕಿವಿಗೆ ನಿಲುಕುವ ಉದಾಹರಣೆಯನ್ನು ಮೇಲ್ ಬರೆಯುವ ಮೊದಲೇ ಹುಡುಕಿಕೊಳ್ಳಬೇಕು.

(a + b)² ಎಂದರೆ a² + b² ಎಂದು ಬರೆದುಬಿಡುವ ತಪ್ಪು ಅದಕ್ಕೆ ಚೆನ್ನಾಗಿ ಒದಗಿತು. ಬಾಯಲ್ಲಿ ಹೀಗೆ ಹೇಳಬಹುದು: 3 ಮತ್ತು 4 ಕೂಡಿಸಿ, 7. ಏಳೇಳಲಿ 49. ಈಗ ಬೇರೆ ಬೇರೆಯಾಗಿ ಮಾಡಿ: ಮೂರ್ಮೂರಲಿ 9, ನಾಲ್ಕ್ನಾಲ್ಕಲಿ 16, ಕೂಡಿಸಿದರೆ 25. ಎಲ್ಲಿ 49, ಎಲ್ಲಿ 25! ಉಳಿದ 24 ಎಲ್ಲಿ ಹೋಯಿತು? ಅದು ಮೂರ್ನಾಲ್ಕಲಿ 12, ಅದರ ಎರಡರಷ್ಟು. ಮಗು ಬಿಟ್ಟುಬಿಟ್ಟಿದ್ದು ಅದನ್ನೇ, 2ab. ಗಣಿತ ಮರೆತು ವರ್ಷಗಳಾದ ಪೋಷಕರೂ ಇದನ್ನು ತಲೆಯಲ್ಲೇ ಮಾಡಬಲ್ಲರು.

ಇದು ಗಡಿಬಿಡಿಯ ತಪ್ಪೋ, ಮಗು ಮನಸ್ಸಿನಲ್ಲಿ ಗಟ್ಟಿಮಾಡಿಕೊಂಡ ತಪ್ಪು ನಿಯಮವೋ ಎಂದು ಪತ್ತೆ ಮಾಡುವ ದಾರಿಯೂ ಬಾಯಿಮಾತಿಗೆ ಸಿಗುವಂಥದ್ದೇ. ಏನೂ ಹೇಳದೆ ಮಾರನೆಯ ದಿನ ಅದೇ ಬಗೆಯ ಲೆಕ್ಕವನ್ನು ಬೇರೆ ಅಂಕಿಗಳೊಂದಿಗೆ ಕೊಡಬೇಕು, ಮಾಡುತ್ತಾ ಜೋರಾಗಿ ಹೇಳು ಎನ್ನಬೇಕು. ಗಡಿಬಿಡಿಯಾದರೆ ಹೇಳುವಾಗಲೇ ಮಗು ತಿದ್ದಿಕೊಳ್ಳುತ್ತದೆ, ಅಥವಾ ಈ ಸಲ ತಪ್ಪು ಇನ್ನೆಲ್ಲೋ ಆಗುತ್ತದೆ. ನಿಯಮವೇ ತಪ್ಪಾಗಿದ್ದರೆ ಅದೇ ಜಾಗದಲ್ಲಿ, ಅದೇ ಧೈರ್ಯದಿಂದ ಅದೇ ತಪ್ಪು ಬರುತ್ತದೆ. 9 ಮತ್ತು 16ರ ಮೊತ್ತದ ವರ್ಗಮೂಲವನ್ನು 3 + 4, ಅಂದರೆ 7 ಎಂದರೆ ಅದೂ ಇದೇ ನಿಯಮದ ಇನ್ನೊಂದು ವೇಷ. ಸರಿಯಾದ ಉತ್ತರ 5. ಇಲ್ಲಿಗೆ ಸಂಚಿಕೆಯ ಹೂರಣ ಸಿದ್ಧವಾಯಿತು. ಮೇಲ್ ಬರೆಯುವುದು ಆಮೇಲೆ ಸುಲಭ.

ಕೊನೆಗೆ ಕಳಿಸಿದ್ದು ಇದು:

ವಿಷಯ: 'ಸಿಲ್ಲಿ ಮಿಸ್ಟೇಕ್' ನಿಜಕ್ಕೂ ಸಿಲ್ಲಿಯೇ? ಒಂದು ಸಂಚಿಕೆಗಾಗಿ

ನಮಸ್ಕಾರ ಮೇಡಂ,

ಪರೀಕ್ಷೆಯ ಭಯದ ಸಂಚಿಕೆಯಲ್ಲಿ 'ಎಲ್ಲಾ ಗೊತ್ತಿದ್ದೂ ಸಿಲ್ಲಿ ಮಿಸ್ಟೇಕ್ ಮಾಡ್ತಾರಲ್ಲ, ಅದಕ್ಕೇನು ಮಾಡೋದು?' ಎಂದು ಕೇಳಿದಿರಿ. ಮಾತು ನಿದ್ದೆಯ ಕಡೆ ಹೊರಳಿತು. ಅದೊಂದೇ ಪ್ರಶ್ನೆಯನ್ನು ಹಿಡಿದು ಒಂದು ಸಂಚಿಕೆ ಮಾಡಬಹುದೇ?

ನಾನು ಎಂಟರಿಂದ ಹತ್ತನೇ ತರಗತಿಗೆ ಬೀಜಗಣಿತ ಹೇಳಿಕೊಡುತ್ತೇನೆ. ಸಿಲ್ಲಿ ಮಿಸ್ಟೇಕ್ ಎಂದು ನಾವು ಬಿಟ್ಟುಬಿಡುವ ತಪ್ಪುಗಳಲ್ಲಿ ಕೆಲವು ಗಡಿಬಿಡಿಯವಲ್ಲ, ಮಗು ಸರಿ ಎಂದೇ ನಂಬಿರುವ ತಪ್ಪು ನಿಯಮಗಳು. ಎರಡನ್ನೂ ಮನೆಯಲ್ಲೇ ಬೇರೆ ಮಾಡಿ ನೋಡುವುದು ಹೇಗೆಂದು, ಬೋರ್ಡ್ ಇಲ್ಲದೆ, 3 ಮತ್ತು 4 ಎಂಬ ಎರಡೇ ಅಂಕಿಗಳಿಂದ ಹೇಳಬಲ್ಲೆ.

ನೀವು ಕೇಳಬಹುದಾದ ಮೂರು ಪ್ರಶ್ನೆಗಳು: ಅದೇ ತಪ್ಪು ಮತ್ತೆ ಮತ್ತೆ ಬಂದರೆ ಏನರ್ಥ? ಗಣಿತ ಬಾರದ ಪೋಷಕರು ಅದನ್ನು ಗುರುತಿಸುವುದು ಹೇಗೆ? 'ಇನ್ನೊಂದು ಸಲ ಚೆಕ್ ಮಾಡು' ಎಂದರೆ ಯಾಕೆ ಉಪಯೋಗವಾಗುವುದಿಲ್ಲ?

ನನ್ನ ದನಿ, ಮಾತಿನ ರೀತಿ ತಿಳಿಯಲು ಎರಡು ನಿಮಿಷದ ಆಡಿಯೋ ಲಿಂಕ್ ಕೆಳಗಿದೆ. ವಾರದ ದಿನಗಳಲ್ಲಿ ಮಧ್ಯಾಹ್ನ ರೆಕಾರ್ಡ್ ಮಾಡಬಹುದು, ಮೈಕ್ ಇದೆ. ವಿಷಯ ಹೊಂದುತ್ತದೆ ಅನಿಸಿದರೆ ಒಂದು ಸಾಲು ಬರೆಯಿರಿ.

ಮೇಲ್ ಇಷ್ಟೇ. ಪದವಿಗಳ ಪಟ್ಟಿ ಹೋಯಿತು, ಏಕೆಂದರೆ ಮೂರನೆಯ ಪ್ರಶ್ನೆ ಅದಕ್ಕಿಂತ ಚೆನ್ನಾಗಿ ಅನುಭವವನ್ನು ತೋರಿಸುತ್ತದೆ. ತಪ್ಪು ನಿಯಮವನ್ನೇ ಹಿಡಿದು ಚೆಕ್ ಮಾಡಿದರೆ ತಪ್ಪು ಉತ್ತರವೇ ಸರಿ ಎಂದು ಬರುತ್ತದೆ ಎನ್ನುವುದು ಪಾಠ ಮಾಡಿದವರಿಗೆ ಹೊಳೆಯುವ ವಿಚಾರ. ವಿಷಯದ ಸಾಲಿನಲ್ಲಿ ಮುಖ್ಯ ಪದ ಮೊದಲಿಗೇ ಇರಬೇಕು, ಫೋನಿನಲ್ಲಿ ಸಾಲಿನ ಕೊನೆ ಕತ್ತರಿಸಿ ಹೋಗುತ್ತದೆ. ಆಡಿಯೋವನ್ನು ಲಗತ್ತಿಸದೆ ಲಿಂಕ್ ಕೊಟ್ಟದ್ದೂ ಬೇಕೆಂದೇ: ಗುರುತಿಲ್ಲದವರ ಫೈಲ್ ತೆರೆಯಲು ಜನ ಹಿಂಜರಿಯುತ್ತಾರೆ. ಆದರೆ ಆ ಲಿಂಕ್‌ಗೆ ಅನುಮತಿ ಕೇಳದೆ ತೆರೆಯುವಂತೆ ಹಂಚಿಕೆ ಕೊಟ್ಟಿದೆಯೇ ಎಂದು ಲಾಗಿನ್ ಆಗದ ಬ್ರೌಸರ್‌ನಲ್ಲಿ ಒಮ್ಮೆ ತೆರೆದು ನೋಡಬೇಕು. 'ಅನುಮತಿ ಕೇಳಿ' ಎಂಬ ಪುಟ ಬಂದರೆ ನಿರೂಪಕರು ಕೇಳುವುದಿಲ್ಲ, ಮುಚ್ಚುತ್ತಾರೆ. ವಿದ್ಯಾರ್ಥಿಯೊಬ್ಬರ ಅಂಕ ಇಷ್ಟರಿಂದ ಇಷ್ಟಕ್ಕೆ ಏರಿತು ಎಂಬ ಸಾಲನ್ನೂ ತೆಗೆದೆವು. ಅದನ್ನು ಯಾರೂ ಪರೀಕ್ಷಿಸಲಾರರು, ಮೇಲಾಗಿ ಮಗುವಿನ ಗುರುತು ಸಿಗುವಂಥ ವಿವರ ಪೋಷಕರ ಒಪ್ಪಿಗೆ ಇಲ್ಲದೆ ಹೊರಗೆ ಹೋಗಬಾರದು.

ಉತ್ತರ ಬಾರದಿದ್ದರೆ? ಒಂದು ವಾರ, ಹತ್ತು ದಿನ ಬಿಟ್ಟು ಅದೇ ಮೇಲ್‌ನ ಕೆಳಗೆ ಇನ್ನೊಂದು ಬರೆಯಬಹುದು, ಅದೂ ಹೊಸದೇನಾದರೂ ಹೇಳಲಿಕ್ಕಿದ್ದರೆ. 'ನೋಡಿದಿರಾ?' ಎಂದು ಕೇಳುವ ಬದಲು ವರ್ಗಮೂಲದ ಉದಾಹರಣೆಯನ್ನು ಎರಡು ಸಾಲಿನಲ್ಲಿ ಬರೆದರೆ ವಿಷಯಕ್ಕೆ ತೂಕ ಬರುತ್ತದೆ. ಅದಕ್ಕೂ ಉತ್ತರವಿಲ್ಲ ಎಂದರೆ ಬಿಟ್ಟುಬಿಡುವುದು ಒಳ್ಳೆಯದು.

ಒಪ್ಪಿಗೆ ಬಂದ ಮೇಲಿನ ತಪ್ಪುಗಳು ಬೇರೆ. ಸಂಚಿಕೆ ಚೆನ್ನಾಗಿ ಆಗಿ, ಕೇಳಿದವರು ಯಾರೂ ಟೀಚರ್‌ವರೆಗೆ ಬಾರದೇ ಇರುವುದು ಸಾಮಾನ್ಯ. ಕಾರಣ, ಕೊನೆಗೆ ಹೇಳುವ ವಿಳಾಸ ಉದ್ದವಾಗಿರುತ್ತದೆ, ಅಥವಾ ನೇರ ಫೀಸಿನ ಪುಟಕ್ಕೆ ಹೋಗುತ್ತದೆ. ಬದಲಿಗೆ ಆ ತಪ್ಪು ನಿಯಮವನ್ನು ಪತ್ತೆ ಮಾಡುವ ಐದು ಲೆಕ್ಕಗಳ ಒಂದು ಪುಟ ಮಾಡಿ, ಒಂದೇ ಸಲ ಕೇಳಿದರೂ ಟೈಪ್ ಮಾಡಬಹುದಾದಷ್ಟು ಚಿಕ್ಕ ವಿಳಾಸ ಕೊಡಬೇಕು. ಸಂಚಿಕೆಯ ವಿವರಣೆಯಲ್ಲಿ ಹಾಕಲು ಕೊಡುವ ಲಿಂಕ್‌ನ ಬಾಲಕ್ಕೆ `?utm_source=podcast` ಎಂದು ಸೇರಿಸಿದರೆ, ವೆಬ್‌ಸೈಟ್‌ನ ಅನಾಲಿಟಿಕ್ಸ್‌ನಲ್ಲಿ ಅಲ್ಲಿಂದ ಎಷ್ಟು ಜನ ಬಂದರೆಂದು ಬೇರೆಯಾಗಿ ಕಾಣುತ್ತದೆ. ಬಾಯಲ್ಲಿ ಹೇಳುವ ವಿಳಾಸಕ್ಕೆ ಇಂಥ ಬಾಲ ಅಂಟಿಸಲಾಗದು. ಅದಕ್ಕೆ ಬೇರೆಲ್ಲೂ ಹೇಳದ ಒಂದು ಪ್ರತ್ಯೇಕ ಪುಟವೇ ಇರಬೇಕು. ಇನ್ನೊಂದು: 'ಮುಂದಿನ ವಾರ ಹೊಸ ಬ್ಯಾಚ್' ಎಂದು ಪಾಡ್‌ಕಾಸ್ಟ್‌ನಲ್ಲಿ ಹೇಳಬಾರದು. ರೆಕಾರ್ಡ್ ಆದದ್ದು ಹೊರಬರಲು ವಾರಗಳು ಹಿಡಿಯಬಹುದು, ಕೇಳುವವರು ವರ್ಷದ ನಂತರವೂ ಕೇಳುತ್ತಾರೆ.

ಇದೇ ವಿಷಯವನ್ನು ವೆಬಿನಾರ್‌ಗೆ ಕೇಳುವುದಾದರೆ ಮೇಲ್ ಬದಲಾಗಬೇಕು. ಅಲ್ಲಿ ಪರದೆ ಇದೆ, ಹಾಗಾಗಿ ಮಗುವಿನ ತಪ್ಪು ಉತ್ತರವನ್ನೇ ಬರೆದು ತೋರಿಸಿ 'ಎಲ್ಲಿ ತಪ್ಪಿದೆ?' ಎಂದು ಪೋಲ್ ಮಾಡಬಹುದು. 'ಬೋರ್ಡ್ ಇಲ್ಲದೆ' ಎಂಬ ಸಾಲಿನ ಜಾಗಕ್ಕೆ ಅದು ಬರುತ್ತದೆ. ದಿನಾಂಕ ನಿಗದಿಯಾಗಿರುವುದರಿಂದ ಬ್ಯಾಚ್‌ನ ಮಾತನ್ನೂ ಆಡಬಹುದು. ನಲವತ್ತು ನಿಮಿಷದ ಪಾಠ, ಹದಿನೈದು ನಿಮಿಷದ ಪ್ರಶ್ನೆಗಳು ಎಂದು ಸಮಯವನ್ನು ಮೇಲ್‌ನಲ್ಲೇ ಹಂಚಿಬಿಟ್ಟರೆ ಸಂಘಟಕರ ಒಂದು ಕೆಲಸ ಕಡಿಮೆಯಾಗುತ್ತದೆ. ನೋಂದಾಯಿಸಿಕೊಂಡವರ ಪಟ್ಟಿಯನ್ನು ಮಾತ್ರ ಕೇಳಬಾರದು, ಅವರು ಮೇಲ್ ವಿಳಾಸ ಕೊಟ್ಟದ್ದು ಸಂಘಟಕರಿಗೆ. ಕಾರ್ಯಕ್ರಮದ ನಂತರ ಎಲ್ಲರಿಗೂ ರೆಕಾರ್ಡಿಂಗ್ ಕಳಿಸುವ ಮೇಲ್‌ನಲ್ಲಿ ಐದು ಲೆಕ್ಕಗಳ ಪುಟದ ಲಿಂಕ್ ಸೇರಿಸಬಹುದೇ ಎಂದು ಕೇಳಿದರೆ ಸಾಕು; ಬೇಕಾದವರು ತಾವೇ ಬರುತ್ತಾರೆ.