ನೀರು ಎಷ್ಟು ಗಂಟೆಗೆ ನಿಲ್ಲುತ್ತೆ, ಎಷ್ಟು ಗಂಟೆಗೆ ಬರುತ್ತೆ?

ನಮ್ಮ ಅಪಾರ್ಟ್‌ಮೆಂಟಿನ ಬಿ ಬ್ಲಾಕ್‌ ಓವರ್‌ಹೆಡ್ ಟ್ಯಾಂಕ್ ತೊಳೆಸುವುದಿತ್ತು. ನೋಟಿಸ್ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಕೈಯಲ್ಲಿದ್ದದ್ದು ಪ್ಲಂಬರ್ ಚೀಟಿಯಲ್ಲಿ ಗೀಚಿದ '10ರಿಂದ 2', ಕಾರ್ಯದರ್ಶಿಯವರ 'ನಾಡಿದ್ದು ನೀರು ಇರಲ್ಲ' ಎಂಬ ಮೆಸೇಜು, ವಾಚ್‌ಮನ್ ಪುಸ್ತಕದ 'ಗುರುವಾರ 7ಕ್ಕೆ ಮೋಟರ್ ಆಫ್'. ಅಷ್ಟೇ.

ಮೊದಲು 'ನಾಡಿದ್ದು' ತೆಗೆದು ತಾರೀಕು, ವಾರ ಹಾಕಿದೆ. ಬೋರ್ಡಿನ ಮೇಲಿರುವುದನ್ನು ಒಬ್ಬರು ಇವತ್ತು ಓದುತ್ತಾರೆ, ಇನ್ನೊಬ್ಬರು ನಾಳೆ ಓದುತ್ತಾರೆ.

ಹೊತ್ತಿನ ವಿಷಯ ಮಾತ್ರ ಹೊಂದಲಿಲ್ಲ. ಪ್ಲಂಬರ್‌ಗೆ ಫೋನ್ ಮಾಡಿದೆ. "10ಕ್ಕೆ ಕೆಲಸ ಅಂದ್ರೆ 7ಕ್ಕೇ ಮೋಟರ್ ಯಾಕೆ ನಿಲ್ಲಿಸ್ಬೇಕು?"

"ಟ್ಯಾಂಕ್ ಖಾಲಿಯಾಗ್ಬೇಕಲ್ವಾ ಸಾರ್. ಮನೆಯವ್ರೇ ಬಳಸಿದ್ರೆ ನೀರು ಸುಮ್ನೆ ಚೆಲ್ಲೋದು ತಪ್ಪುತ್ತೆ. 10ಕ್ಕೆ ವಾಲ್ವ್ ಮುಚ್ತೀನಿ."

ಅಂದರೆ 10ಕ್ಕೆ ಮುಂಚೆಯೇ ನೀರು ಮುಗಿಯಬಹುದು. ಇನ್ನು 2 ಗಂಟೆ ಅನ್ನುವುದು ತೊಳೆದು ಮುಗಿಸುವ ಹೊತ್ತು. ಆಗ ಟ್ಯಾಂಕ್‌ನಲ್ಲಿ ಹನಿ ನೀರೂ ಇರುವುದಿಲ್ಲ. ನಮ್ಮ ಟ್ಯಾಂಕ್ 15,000 ಲೀಟರಿನದು. ಮೋಟರ್ ಗಂಟೆಗೆ ಸುಮಾರು 6,000 ಲೀಟರ್ ಏರಿಸುತ್ತದೆ. ತಳದಲ್ಲಿ ಸ್ವಲ್ಪ ನೀರು ನಿಂತ ಕೂಡಲೇ ವಾಲ್ವ್ ಬಿಟ್ಟರೆ ಎಲ್ಲ ಮನೆಯವರೂ ಒಟ್ಟಿಗೆ ಹಿಡಿದು ಮತ್ತೆ ಖಾಲಿಯಾಗುತ್ತದೆ, ಪೈಪಿನಲ್ಲಿ ಗಾಳಿ ಸೇರಿಕೊಳ್ಳುತ್ತದೆ. ಹಾಗಾಗಿ ಒಂದು ಗಂಟೆ ತುಂಬಿಸಿಯೇ ವಾಲ್ವ್ ಬಿಡುವುದು ಅಂದರು. ಅಲ್ಲಿಗೆ 3 ಆಯಿತು. ನಾನು ಅರ್ಧ ಗಂಟೆ ಜಾಸ್ತಿ ಸೇರಿಸಿದೆ. ಹೇಳಿದ ಹೊತ್ತಿಗಿಂತ ಮುಂಚೆ ನೀರು ಬಂದರೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ಮನೆಯಲ್ಲಿರುವವರಿಗೆ ಬೇಕಾದದ್ದು ಕೆಲಸದ ಹೊತ್ತಲ್ಲ, ನಲ್ಲಿಯ ಹೊತ್ತು. ಅದನ್ನೇ ಇಟ್ಟುಕೊಂಡು ಹೀಗೆ ಬರೆದೆ:

ವಿಷಯ: ಬಿ ಬ್ಲಾಕ್‌ಗೆ ನೀರು ಪೂರೈಕೆ ಸ್ಥಗಿತ

ದಿನಾಂಕ 14, ಗುರುವಾರ ಓವರ್‌ಹೆಡ್ ಟ್ಯಾಂಕ್ ಸ್ವಚ್ಛಗೊಳಿಸುವುದರಿಂದ ಬೆಳಿಗ್ಗೆ 10ರಿಂದ ಮಧ್ಯಾಹ್ನ 3:30ರವರೆಗೆ ಬಿ ಬ್ಲಾಕ್‌ನ ಎಲ್ಲ ಮನೆಗಳಿಗೆ ನೀರು ಇರುವುದಿಲ್ಲ. ಬೆಳಿಗ್ಗೆ 7ರ ನಂತರ ಟ್ಯಾಂಕ್‌ಗೆ ನೀರು ಏರಿಸುವುದಿಲ್ಲವಾದ್ದರಿಂದ, ಬೇಕಾದ ನೀರನ್ನು ಅದಕ್ಕೆ ಮುಂಚೆಯೇ ಹಿಡಿದಿಟ್ಟುಕೊಳ್ಳಬೇಕಾಗಿ ವಿನಂತಿ. ಎ ಬ್ಲಾಕ್‌ಗೆ ಇದು ಅನ್ವಯಿಸುವುದಿಲ್ಲ. ಕೆಲಸ ತಡವಾದರೆ 3 ಗಂಟೆಗೆ ಇದೇ ಬೋರ್ಡಿನಲ್ಲಿ ತಿಳಿಸಲಾಗುವುದು.

ಎ ಬ್ಲಾಕ್ ಮಾತು ಬೇಕೇ ಬೇಕು. ಎರಡೂ ಬ್ಲಾಕ್‌ನವರು ನೋಡುವುದು ಒಂದೇ ಬೋರ್ಡ್.

ಕೆಳಗೆ ಎರಡು ಸೂಚನೆ ಸೇರಿಸಿದೆ. ಹೊರಗೆ ಹೋಗುವವರು ಎಲ್ಲ ನಲ್ಲಿ ಮುಚ್ಚಿ ಹೋಗಬೇಕು. ಬೆಳಿಗ್ಗೆ ತಿರುಗಿಸಿ ನೀರಿಲ್ಲವೆಂದು ಹಾಗೇ ಬಿಟ್ಟ ನಲ್ಲಿ ಮಧ್ಯಾಹ್ನ ಖಾಲಿ ಮನೆಯಲ್ಲಿ ಸುರಿಯುತ್ತದೆ. ಇನ್ನೊಂದು, ವಾಟರ್ ಫಿಲ್ಟರ್‌ಗೆ ಹೋಗುವ ಕಾಕ್ ಮುಚ್ಚಿಟ್ಟು, ಮೊದಲ ಕೆಲವು ನಿಮಿಷದ ಕದಡಿದ ನೀರನ್ನು ಬಚ್ಚಲಿನ ನಲ್ಲಿಯಲ್ಲಿ ಹೊರಬಿಡಬೇಕು.

ತೊಳೆಸುವ ಖರ್ಚಿನ ಮಾತೂ ಚೀಟಿಯಲ್ಲಿತ್ತು. ಅದನ್ನು ಸಭೆಯ ಪುಸ್ತಕಕ್ಕೆ ಬರೆದುಕೊಂಡು, ಕಾರ್ಯದರ್ಶಿಯವರ ಸಹಿ, ಸಂಘದ ಸೀಲ್ ಹಾಕಿಸಿ ನೋಟಿಸನ್ನು ಬೋರ್ಡಿಗೆ ಅಂಟಿಸಿದೆ.