ಬೋನಸ್‌ನ ಆರು ಲಕ್ಷ: ಇಡಿಗಂಟೋ, ಕಂತೋ? ಯೋಜನೆಯ ದಾಖಲೆ

ಲೆಕ್ಕಕ್ಕೆ ಹಿಡಿದಿರುವ ಖಾತೆ: ಬೆಂಗಳೂರಿನ ಸಂಬಳದ ನೌಕರಿ, ಹೊಸ ತೆರಿಗೆ ಪದ್ಧತಿ, ಬೋನಸ್ ಬಿಟ್ಟೇ ವರ್ಷದ ಆದಾಯ 24 ಲಕ್ಷ ದಾಟಿದೆ, ಸೇರಿಸಿದರೂ 50 ಲಕ್ಷದ ಒಳಗಿದೆ. ಇಕ್ವಿಟಿ ಫಂಡ್‌ಗಳಲ್ಲಿ ಈಗಾಗಲೇ 4 ಲಕ್ಷ ಇದೆ. ಬೋನಸ್ 12 ಲಕ್ಷ.

0ನೇ ದಿನ: ಕೈಗೆ ಬಂದದ್ದು ಎಷ್ಟು

12 ಲಕ್ಷ ಅನ್ನುವುದು ಪತ್ರದಲ್ಲಿರುವ ಅಂಕಿ. 30% ಸ್ಲ್ಯಾಬಿನಲ್ಲಿ ಸೆಸ್ ಸೇರಿ 31.2% ತೆರಿಗೆ ಹೋಗುತ್ತದೆ, ಅಂದರೆ 3,74,400 ರೂಪಾಯಿ. ಉಳಿಯುವುದು 8,25,600. ಇಲ್ಲಿ ಒಂದು ಸಂಗತಿ ಪೇಸ್ಲಿಪ್ ನೋಡದೆ ಗೊತ್ತಾಗುವುದಿಲ್ಲ. ಕೆಲವು ಕಂಪನಿಗಳು ಬೋನಸ್‌ನ ತೆರಿಗೆಯನ್ನು ಅದೇ ತಿಂಗಳು ಪೂರ್ತಿ ಹಿಡಿಯುತ್ತವೆ. ಕೆಲವು ಅದನ್ನು ಆರ್ಥಿಕ ವರ್ಷದ ಉಳಿದ ತಿಂಗಳುಗಳಿಗೆ ಹಂಚಿ ಹಿಡಿಯುತ್ತವೆ. ಹಂಚಿ ಹಿಡಿದರೆ ಏಪ್ರಿಲ್‌ನಲ್ಲಿ ಖಾತೆಗೆ ದೊಡ್ಡ ಮೊತ್ತ ಬೀಳುತ್ತದೆ, ಮೇ ತಿಂಗಳಿಂದ ಸಂಬಳ ಸೊರಗುತ್ತದೆ. ಆ ದೊಡ್ಡ ಮೊತ್ತವನ್ನೆಲ್ಲ ಷೇರುಪೇಟೆಗೆ ಸುರಿದವರು ಆಗಸ್ಟ್ ಹೊತ್ತಿಗೆ ಮನೆ ಬಾಡಿಗೆಗೆ ಯೂನಿಟ್ ಮಾರಬೇಕಾಗುತ್ತದೆ. ಈ ಖಾತೆಯಲ್ಲಿ ತೆರಿಗೆ ಪೂರ್ತಿ ಕಡಿತವಾಗಿದೆ.

2,25,600 ತುರ್ತು ನಿಧಿಗೆ ಹೋಯಿತು. ಕ್ರೆಡಿಟ್ ಕಾರ್ಡ್ ಬಾಕಿ ಇದ್ದಿದ್ದರೆ ಅದು ಎಲ್ಲಕ್ಕಿಂತ ಮೊದಲು, ಆದರೆ ಇಲ್ಲಿ ಬಾಕಿ ಇಲ್ಲ. ನಿಫ್ಟಿ 50 ಇಂಡೆಕ್ಸ್ ಫಂಡ್‌ಗೆ ಅಂತ ಉಳಿದದ್ದು 6,00,000.

1ನೇ ದಿನ: ಎರಡು ಹಳೆಯ ಕಾಲಕ್ಕೆ ಹಾಕಿ ನೋಡಿದ್ದು

ಶೀಟಿನ B ಕಾಲಂನಲ್ಲಿ ನಿಫ್ಟಿ 50ರ ತಿಂಗಳ ಕೊನೆಯ ಮುಕ್ತಾಯದ ಅಂಕಿಗಳನ್ನು ಕೆಳಗೆ ಕೆಳಗೆ ಬರೆದಿದೆ. ಸೂತ್ರ ಎರಡೇ ಎರಡು: ಮೊದಲನೆಯದು ಇಡಿಗಂಟಿಗೆ, ಎರಡನೆಯದು ತಿಂಗಳಿಗೆ ಲಕ್ಷದಂತೆ ಆರು ಕಂತಿಗೆ.

```
=600000/B2
=SUMPRODUCT(100000/B2:B7)
```

ಎರಡೂ ಕೊಡುವುದು ಯೂನಿಟ್ ಸಂಖ್ಯೆಯನ್ನು. ಡಿವಿಡೆಂಡ್ ಸೇರಿಸಿಲ್ಲ, ಕಾಯುವ ಹಣದ ಬಡ್ಡಿಯನ್ನೂ ಸೇರಿಸಿಲ್ಲ. ಹೋಲಿಕೆಗೆ ಇಷ್ಟು ಸಾಕು.

ಮೊದಲು ಕೆಟ್ಟ ಕಾಲ. 2007ರ ಡಿಸೆಂಬರ್ 31ರಂದು ನಿಫ್ಟಿ 6138.60. ಮುಂದಿನ ತಿಂಗಳುಗಳ ಕೊನೆಗೆ 5137.45, 5223.50, 4734.50, 5165.90, 4870.10. ಇಡಿಗಂಟಿಗೆ ಸಿಕ್ಕಿದ್ದು 97.74 ಯೂನಿಟ್, ಕಂತಿಗೆ 115.91. ಕಂತು ಹಾಕಿದವರಿಗೆ 18.6% ಹೆಚ್ಚು ಯೂನಿಟ್.

ಸಾಮಾನ್ಯವಾಗಿ ವಾದ ಇಲ್ಲಿಗೇ ನಿಲ್ಲುತ್ತದೆ, ಕಂತು ಗೆದ್ದಿತು ಅಂತ. ಶೀಟನ್ನು ಇನ್ನೂ ಏಳು ಸಾಲು ಕೆಳಗೆ ಎಳೆಯಬೇಕು. 2008ರ ಡಿಸೆಂಬರ್ 31ರಂದು ನಿಫ್ಟಿ 2959.15. ಇಡಿಗಂಟಿನ ಆರು ಲಕ್ಷ 2.89 ಲಕ್ಷವಾಗಿದೆ. ಕಂತಿನ ಆರು ಲಕ್ಷ 3.43 ಲಕ್ಷವಾಗಿದೆ. ದೊಡ್ಡ ಕುಸಿತ ಬಂದದ್ದು ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ. ಆ ಹೊತ್ತಿಗೆ ಆರೂ ಕಂತು ಮುಗಿದು, ಇಬ್ಬರ ಹಣವೂ ಪೂರ್ತಿ ಪೇಟೆಯೊಳಗಿತ್ತು. ಹನ್ನೆರಡು ಕಂತು ಮಾಡಿದ್ದರೂ ಉಳಿಯುತ್ತಿದ್ದದ್ದು ಸುಮಾರು 4.19 ಲಕ್ಷ. ಕಂತು ಕಾಪಾಡುವುದು ಕಂತು ನಡೆಯುವಷ್ಟು ದಿನ ಮಾತ್ರ, ಅದೂ ಇನ್ನೂ ಹೊರಗಿರುವ ಹಣವನ್ನು ಮಾತ್ರ.

ಈಗ ಮತ್ತೊಂದು ಕಾಲ. 2020ರ ಮಾರ್ಚ್ 31ರಂದು ನಿಫ್ಟಿ 8597.75. ಆಮೇಲೆ 9859.90, 9580.30, 10302.10, 11073.45, 11387.50. ಇಡಿಗಂಟಿಗೆ 69.79 ಯೂನಿಟ್, ಕಂತಿಗೆ 59.73. ಒಂದು ವರ್ಷದ ನಂತರ, 14690.70ರಲ್ಲಿ, ಇಡಿಗಂಟು 10.25 ಲಕ್ಷ, ಕಂತು 8.77 ಲಕ್ಷ. ವ್ಯತ್ಯಾಸ ಒಂದೂವರೆ ಲಕ್ಷದ ಹತ್ತಿರ. ಮಾರ್ಚ್ 2020ರಲ್ಲಿ ಎಲ್ಲರ ಬಾಯಲ್ಲೂ ಇದ್ದದ್ದು ಒಂದೇ ಮಾತು, "ಇನ್ನೂ ಬೀಳುತ್ತೆ, ನಿಧಾನಕ್ಕೆ ಹಾಕೋಣ". ಕಂತು ಅತಿ ದುಬಾರಿಯಾಗುವುದು ಭಯ ಅತಿ ಹೆಚ್ಚಿರುವಾಗಲೇ.

ಈ ಎರಡೂ ಕಾಲ ಬೇಕೆಂದೇ ಆರಿಸಿದ ಎರಡು ತುದಿಗಳು, ಇವುಗಳಿಂದ ಸರಾಸರಿ ತಿಳಿಯುವುದಿಲ್ಲ. ಸರಾಸರಿಯ ಬಗ್ಗೆ ಅಮೆರಿಕದ ಫಂಡ್ ಕಂಪನಿ ವ್ಯಾನ್‌ಗಾರ್ಡ್ 2012ರಲ್ಲಿ ಅಮೆರಿಕ, ಬ್ರಿಟನ್, ಆಸ್ಟ್ರೇಲಿಯಾ ಪೇಟೆಗಳ ಹಳೆಯ ಅಂಕಿ ಹಿಡಿದು ನೋಡಿತ್ತು: ಹನ್ನೆರಡು ತಿಂಗಳ ಕಂತಿಗಿಂತ ಇಡಿಗಂಟು ಮೂರರಲ್ಲಿ ಎರಡು ಸಲ ಮುಂದಿತ್ತು. ಕಾರಣ ಸರಳ. ಪೇಟೆ ಇಳಿಯುವುದಕ್ಕಿಂತ ಏರುವ ಕಾಲವೇ ಹೆಚ್ಚು, ಹೊರಗೆ ಕಾಯುವ ಹಣ ಆ ಏರಿಕೆಯನ್ನು ಬಿಟ್ಟುಕೊಡುತ್ತದೆ.

2ನೇ ದಿನ: ಕಾಯುವುದಕ್ಕೆ ತೆರುವ ಬೆಲೆ

ಆ ಬಿಟ್ಟುಕೊಡುವುದಕ್ಕೆ ಮೊದಲೇ ಒಂದು ಅಂದಾಜು ಬೆಲೆ ಕಟ್ಟಬಹುದು. ಇಕ್ವಿಟಿಯಿಂದ ವರ್ಷಕ್ಕೆ 12%, ಕಾಯುವ ಹಣವನ್ನು ಅಲ್ಪಾವಧಿ ಸಾಲಪತ್ರಗಳಲ್ಲಿ ಇಡುವ ಲಿಕ್ವಿಡ್ ಫಂಡಿನಿಂದ 6% ಅಂತ ಹಿಡಿದರೆ ಅಂತರ 6%. ಮೊದಲ ಕಂತು ಇವತ್ತೇ ಹೋದರೆ, ಆರು ಕಂತಿನಲ್ಲಿ ಒಟ್ಟು ಹಣ ಸರಾಸರಿ ಎರಡೂವರೆ ತಿಂಗಳು ಹೊರಗಿರುತ್ತದೆ. ಅಂದರೆ 1.25%, ಆರು ಲಕ್ಷಕ್ಕೆ 7,500 ರೂಪಾಯಿ. ಹನ್ನೆರಡು ಕಂತಿಗೆ ಕಾಯುವುದು ಐದೂವರೆ ತಿಂಗಳು, ಬೆಲೆ 16,500. ಇಪ್ಪತ್ತನಾಲ್ಕು ಕಂತಿಗೆ 34,500. ಇದನ್ನು ವಿಮೆಯ ಪ್ರೀಮಿಯಂ ಅಂತ ನೋಡಿದರೆ ಆರು ತಿಂಗಳಿಗೆ ತೆರಬಹುದಾದ ಮೊತ್ತ. ಎರಡು ವರ್ಷದ ಕಂತು ಮಾತ್ರ ಶುದ್ಧ ಹಿಂಜರಿಕೆ.

ಹಾಗಾದರೆ ಯಾರು ಈ ಪ್ರೀಮಿಯಂ ತೆರಬೇಕು? ಪೇಟೆ ಎತ್ತರದಲ್ಲಿದೆಯೋ ಇಲ್ಲವೋ ಅನ್ನುವುದು ಇದಕ್ಕೆ ಉತ್ತರ ಕೊಡುವುದಿಲ್ಲ. ಬೋನಸ್ ಈಗಿರುವ ಇಕ್ವಿಟಿಯ ಎಷ್ಟು ಪಾಲು ಅನ್ನುವುದನ್ನು ನೋಡಬೇಕು. 40 ಲಕ್ಷ ಈಗಾಗಲೇ ಪೇಟೆಯಲ್ಲಿದ್ದರೆ 10% ಇಳಿತಕ್ಕೆ 4 ಲಕ್ಷ ಕರಗುತ್ತದೆ. ಅಲ್ಲಿ ಹೊಸ ಆರು ಲಕ್ಷವನ್ನು ಚಮಚದಲ್ಲಿ ಹಾಕುವುದರಿಂದ ಏನೂ ಉಳಿಯುವುದಿಲ್ಲ, ಇಡಿಗಂಟೇ ಸರಿ. ಈ ಖಾತೆಯಲ್ಲಿ ಇರುವುದು 4 ಲಕ್ಷ, ಸೇರುವುದು 6 ಲಕ್ಷ. ಅಪಾಯದಲ್ಲಿರುವ ಮೊತ್ತ ಒಂದೇ ದಿನದಲ್ಲಿ ಎರಡೂವರೆ ಪಟ್ಟಾಗುತ್ತದೆ. ಇಂಥಲ್ಲಿ ಕಂತಿಗೆ ಅರ್ಥವಿದೆ.

ಒಂದು ಪರೀಕ್ಷೆ ಮಾತ್ರ ಬಾಕಿ. ಕಂತೆಲ್ಲ ಮುಗಿದ ಮೇಲೆ 10 ಲಕ್ಷದ ಮೇಲೆ 35% ಇಳಿದರೆ 3.5 ಲಕ್ಷ ಹೋಗುತ್ತದೆ. ಅದನ್ನು ನೋಡಿಕೊಂಡು ಸುಮ್ಮನಿರಲು ಆಗದು ಅನ್ನಿಸಿದರೆ ಆರು ಲಕ್ಷವೇ ಹೆಚ್ಚಾಯಿತು, ಎಷ್ಟು ನಿಧಾನಕ್ಕೆ ಹಾಕಿದರೂ ಆ ಮೊತ್ತ ಕಡಿಮೆಯಾಗುವುದಿಲ್ಲ. ಪಾಲನ್ನು ಎಫ್‌ಡಿಗೆ ತಿರುಗಿಸಬೇಕು. ಇಲ್ಲಿ 3.5 ಲಕ್ಷ ತಡೆದುಕೊಳ್ಳಬಹುದು ಅಂತ ಬರೆದಾಗಿದೆ.

ತೀರ್ಮಾನ: ಆರು ಕಂತು, ತಿಂಗಳಿಗೆ ಒಂದು ಲಕ್ಷ. ಮೊದಲನೆಯದು ನೇರ ಖರೀದಿ, ಉಳಿದ ಐದು ತಿಂಗಳಿಗೊಮ್ಮೆ ಲಿಕ್ವಿಡ್ ಫಂಡಿನಿಂದ ಇಂಡೆಕ್ಸ್ ಫಂಡಿಗೆ ತಾನಾಗಿ ಹಣ ವರ್ಗಾಯಿಸುವ ಎಸ್‌ಟಿಪಿ ಮೂಲಕ.

3ನೇ ದಿನ: ಹಣ ಹಾಕಿದ್ದು

ಒಂದು ಲಕ್ಷ ನೆಟ್‌ಬ್ಯಾಂಕಿಂಗ್‌ನಿಂದ ನೇರ ಇಂಡೆಕ್ಸ್ ಫಂಡ್‌ಗೆ, ಡೈರೆಕ್ಟ್ ಪ್ಲಾನ್, ಗ್ರೋತ್. ಮಧ್ಯಾಹ್ನ 3 ಗಂಟೆಯೊಳಗೆ ಅರ್ಜಿ ಹಾಕಿದರೆ ಸಾಲದು, ಹಣ ಫಂಡ್ ಹೌಸಿನ ಖಾತೆಗೆ 3ರೊಳಗೆ ತಲುಪಿದರೆ ಮಾತ್ರ ಆ ದಿನದ ಯೂನಿಟ್ ಬೆಲೆ, ಅಂದರೆ ಎನ್‌ಎವಿ. 2021ರ ಫೆಬ್ರುವರಿಯಿಂದ ನಿಯಮ ಹೀಗಿದೆ. ಆ್ಯಪ್ ಮೂಲಕ ಹಾಕಿದ ಹಣ ಪೇಮೆಂಟ್ ಗೇಟ್‌ವೇ ಸುತ್ತಿ ಬರುವಾಗ ಮರುದಿನವಾಗುವುದುಂಟು. ಸ್ಟೇಟ್‌ಮೆಂಟಿನಲ್ಲಿ ಒಂದು ಲಕ್ಷಕ್ಕೆ 5 ರೂಪಾಯಿ ಸ್ಟಾಂಪ್ ಡ್ಯೂಟಿ ಕಳೆದಿರುತ್ತದೆ, ಅದು ತಪ್ಪಲ್ಲ.

ಉಳಿದ ಐದು ಲಕ್ಷ ಅದೇ ಫಂಡ್ ಹೌಸಿನ ಲಿಕ್ವಿಡ್ ಫಂಡ್‌ಗೆ. "ಅದೇ" ಅನ್ನುವುದು ಮುಖ್ಯ. ಒಂದು ಹೌಸಿನ ಲಿಕ್ವಿಡ್‌ನಿಂದ ಮತ್ತೊಂದು ಹೌಸಿನ ಇಕ್ವಿಟಿಗೆ ಎಸ್‌ಟಿಪಿ ನಡೆಯದು. ಹಾಗಾಗಿ ಮೊದಲು ಇಂಡೆಕ್ಸ್ ಫಂಡ್ ಆರಿಸಿ, ಲಿಕ್ವಿಡ್ ಫಂಡನ್ನು ಅದಕ್ಕೆ ತಕ್ಕಂತೆ ಆರಿಸಬೇಕು. ಉಲ್ಟಾ ಮಾಡಿದವರು ಪ್ರತಿ ತಿಂಗಳೂ ಕೈಯಾರೆ ಮಾರಿ, ಬ್ಯಾಂಕಿಗೆ ತಂದು, ಮತ್ತೆ ಕೊಳ್ಳಬೇಕಾಗುತ್ತದೆ. ಮೂರನೇ ತಿಂಗಳಿಗೆ ಆ ಕೆಲಸ ನಿಂತುಹೋಗುತ್ತದೆ.

ಎಸ್‌ಟಿಪಿ ನೋಂದಣಿಗೆ ಸುಮಾರು ಒಂದು ವಾರ ಬೇಕು. ಮೊದಲ ಕಂತನ್ನು ನೇರವಾಗಿ ಹಾಕಿದ್ದು ಇದಕ್ಕೇ. ಅರ್ಜಿಯಲ್ಲಿ "ಫಿಕ್ಸೆಡ್" ಆರಿಸಿದೆ. "ಕ್ಯಾಪಿಟಲ್ ಅಪ್ರಿಸಿಯೇಷನ್" ಆರಿಸಿದ್ದರೆ ಲಾಭ ಮಾತ್ರ ವರ್ಗವಾಗುತ್ತಿತ್ತು, ತಿಂಗಳಿಗೆ ಎರಡು-ಎರಡೂವರೆ ಸಾವಿರ, ಐದು ಲಕ್ಷ ಇದ್ದಲ್ಲೇ ಕೂರುತ್ತಿತ್ತು. ದಿನಂಪ್ರತಿಯ ಎಸ್‌ಟಿಪಿಯೂ ಬೇಡ. ಸರಾಸರಿ ಬೆಲೆಯಲ್ಲಿ ಆಗುವ ವ್ಯತ್ಯಾಸ ಅಲ್ಪ, ಆದರೆ ನೂರಕ್ಕೂ ಹೆಚ್ಚು ಖರೀದಿ ದಿನಾಂಕ ಹುಟ್ಟುತ್ತವೆ, ಒಂದೊಂದಕ್ಕೂ ಹನ್ನೆರಡು ತಿಂಗಳ ಲೆಕ್ಕ ಬೇರೆ. ಹನ್ನೆರಡು ತಿಂಗಳ ಒಳಗೆ ಮಾರಿದ ಯೂನಿಟ್ಟಿನ ಲಾಭಕ್ಕೆ 20% ತೆರಿಗೆ. ದಾಟಿದರೆ ವರ್ಷದ 1.25 ಲಕ್ಷದ ಮೇಲಿನ ಲಾಭಕ್ಕೆ 12.5%.

34ನೇ ದಿನ: ಎರಡನೇ ಕಂತು

ನಿಗದಿಯಾದ ದಿನ ಭಾನುವಾರ, ವರ್ಗಾವಣೆ ಸೋಮವಾರ ಆಯಿತು. ಲಿಕ್ವಿಡ್‌ನಿಂದ ಹೊರಟ ಒಂದು ಲಕ್ಷದಲ್ಲಿ ಅಸಲು ಸುಮಾರು 99,502, ಲಾಭ 498. ಎಸ್‌ಟಿಪಿ ಅಂದರೆ ಜೇಬು ಬದಲಿಸಿದಂತೆ ಅಂದುಕೊಳ್ಳುವವರು ಹೆಚ್ಚು. ತೆರಿಗೆ ಇಲಾಖೆಯ ಕಣ್ಣಿಗೆ ಅದು ಮಾರಾಟ. 2023ರ ಏಪ್ರಿಲ್ 1ರಿಂದ ಈಚೆಗೆ ಕೊಂಡ ಲಿಕ್ವಿಡ್ ಫಂಡಿನ ಲಾಭಕ್ಕೆ ಸ್ಲ್ಯಾಬ್ ದರವೇ, ಇಲ್ಲಿ 498ಕ್ಕೆ 155 ರೂಪಾಯಿ. ಸಣ್ಣದು, ಆದರೆ ರಿಟರ್ನ್‌ನಲ್ಲಿ ತೋರಿಸಲೇಬೇಕು. ಏಳನೇ ದಿನದಿಂದ ಲಿಕ್ವಿಡ್ ಫಂಡ್‌ಗೆ ಬೇಗ ಮಾರಿದ್ದಕ್ಕೆ ಹಿಡಿಯುವ ಎಕ್ಸಿಟ್ ಲೋಡ್ ಇಲ್ಲ, ಹಾಗಾಗಿ ಆ ಸಾಲು ಸೊನ್ನೆ.

95ನೇ ದಿನ: ನಾಲ್ಕನೇ ಕಂತು

ಯೋಜನೆ ಹಾಳಾಗುವುದು ಹೆಚ್ಚಾಗಿ ಇಲ್ಲೇ. ಪೇಟೆ ಇಳಿದಿದ್ದರೆ "ಇನ್ನಷ್ಟು ಇಳಿಯಲಿ" ಅಂತ ಎಸ್‌ಟಿಪಿ ನಿಲ್ಲಿಸುತ್ತಾರೆ, ಏರಿದ್ದರೆ "ತಿದ್ದುಪಡಿ ಬರಲಿ" ಅಂತ ನಿಲ್ಲಿಸುತ್ತಾರೆ. ಎರಡರಲ್ಲೂ ಮತ್ತೆ ಶುರುವಾಗುವ ದಿನಾಂಕ ಬರೆದಿರುವುದಿಲ್ಲ. ಉಳಿದ ಹಣ ಲಿಕ್ವಿಡ್‌ನಲ್ಲಿ ವರ್ಷಗಟ್ಟಲೆ ಮಲಗಿ, ತೆರಿಗೆ ಕಳೆದು 4% ಚಿಲ್ಲರೆ ಗಳಿಸುತ್ತದೆ. ಈ ಶೀಟಿನಲ್ಲಿ 2ನೇ ದಿನವೇ ಹಾಕಿದ ನಿಯಮ: ನಿಲ್ಲಿಸಲು ಒಪ್ಪುವ ಕಾರಣ ಎರಡೇ, ಕೆಲಸ ಹೋಗುವುದು ಅಥವಾ ಆಸ್ಪತ್ರೆ ಖರ್ಚು. ನಿಫ್ಟಿಯ ಅಂಕಿ ಆ ಪಟ್ಟಿಯಲ್ಲಿಲ್ಲ. ನಾಲ್ಕನೇ ಲಕ್ಷ ಹೋಯಿತು.

157ನೇ ದಿನ: ಕೊನೆಯ ಕಂತು, ಉಳಿಕೆ

ಆರೂ ಲಕ್ಷ ಒಳಗೆ. ಲಿಕ್ವಿಡ್ ಫೋಲಿಯೊದಲ್ಲಿ ಇನ್ನೂ 7,500 ಚಿಲ್ಲರೆ ಇದೆ: 5 ಲಕ್ಷದ ಮೇಲೆ ಒಂದು ತಿಂಗಳ ಗಳಿಕೆ 2,500, 4 ಲಕ್ಷದ ಮೇಲೆ 2,000, ಆಮೇಲೆ 1,500, 1,000, 500. ಎಸ್‌ಟಿಪಿ ಇದನ್ನು ತಾನಾಗಿ ಒರೆಸಿ ಒಯ್ಯುವುದಿಲ್ಲ. "ಆಲ್ ಯೂನಿಟ್ಸ್" ಗುರುತು ಹಾಕಿ ಮಾರಿದೆ. ಮೊತ್ತ ಬರೆದು ಮಾರಿದ್ದರೆ ಮತ್ತೆ ಒಂದೆರಡು ರೂಪಾಯಿಯ ತುಣುಕು ಫೋಲಿಯೊದಲ್ಲೇ ಉಳಿಯುತ್ತಿತ್ತು. ಬಂದ ಹಣದಲ್ಲಿ 2,340 ರೂಪಾಯಿಯನ್ನು, ಅಂದರೆ ಒಟ್ಟು ಗಳಿಕೆಯ 31.2% ಅನ್ನು, ತೆರಿಗೆಗೆ ಬೇರೆ ಇಟ್ಟಾಗಿದೆ. ಆರನೇ ಕಂತಿನ ಯೂನಿಟ್‌ಗಳಿಗೆ ಹನ್ನೆರಡು ತಿಂಗಳ ಲೆಕ್ಕ ಶುರುವಾಗುವುದು ಇವತ್ತಿನಿಂದ. ಆ ದಿನಾಂಕ C7ರಲ್ಲಿದೆ.