ಒಂದೇ ಹಾಡು, ಎರಡು ಫೋನು
ನಿನ್ನೆ ರಾತ್ರಿ ಇವರೂ ನಾನೂ ಮತ್ತೆ ಒಟ್ಟಿಗೆ ಹಾಡು ಕೇಳಿದೆವು. ಅವರು ಅಲ್ಲಿ, ನಾನು ಇಲ್ಲಿ.

ಮೊದಲೆಲ್ಲ ನನ್ನ ಫೋನಿನ ಹಾಡನ್ನೇ ಕಾಲ್‌ನಲ್ಲಿ ಕೇಳಿಸುತ್ತಿದ್ದೆ. ಕಾಲ್ ಮಾತನ್ನು ಉಳಿಸಿಕೊಂಡು ಉಳಿದದ್ದನ್ನು ಗದ್ದಲ ಅಂತ ಅಳಿಸುತ್ತದೆ. ಕೊಳಲು ಬಂದಾಗಲೆಲ್ಲ ಅವರಿಗೆ ಬರೀ ಮೌನ. ಈಗ ಇಬ್ಬರೂ ಹಾಡನ್ನು ಮೊದಲೇ ಡೌನ್‌ಲೋಡ್ ಮಾಡಿ, ಅವರವರ ಫೋನಿನಲ್ಲೇ ಹಾಕುತ್ತೇವೆ. ಎರಡೂ ಕಡೆ ಹಾಡಿನ ಉದ್ದ ಒಂದೇ ಇದೆಯಾ ಅಂತ ನೋಡಿಕೊಳ್ಳುತ್ತೇವೆ. ಒಮ್ಮೆ ನನ್ನದು 4:52, ಅವರದು 4:40 ಇತ್ತು. ಬೇರೆ ಆವೃತ್ತಿ! ಚರಣಕ್ಕೆ ಬರುವಷ್ಟರಲ್ಲಿ ದಾರಿ ತಪ್ಪಿತ್ತು.

ಎಣಿಸುವುದು ನಾನು. "ಒಂದು, ಎರಡು, ಮೂರು" ಅಂದ ತಕ್ಷಣ ನಾನು ಒತ್ತಿದರೆ ನಾನೇ ಮುಂದೆ ಹೋಗಿಬಿಡುತ್ತೇನೆ. ನನ್ನ "ಮೂರು" ಅವರನ್ನು ಮುಟ್ಟಲು ಸ್ವಲ್ಪ ಹೊತ್ತು ಬೇಕಲ್ವಾ? ಅದಕ್ಕೆ ಹೇಳಿದ ಮೇಲೆ ಒಂದು ಚಿಕ್ಕ ಉಸಿರು ಬಿಟ್ಟು ಒತ್ತುತ್ತೇನೆ. ಇಯರ್‌ಫೋನ್ ಬೇಕೇ ಬೇಕು. ಇಲ್ಲದಿದ್ದರೆ ಆ ಕಡೆಯ ಹಾಡು ಹಿಂದೆಯೇ ಪ್ರತಿಧ್ವನಿಯ ಹಾಗೆ ಕೇಳುತ್ತದೆ.

ಹಾಡಿನ ಆಯ್ಕೆಯೂ ಮುಖ್ಯ. ಜೋರು ತಾಳದ ಹಾಡಿಗೆ ಜೊತೆಗೆ ಗುನುಗಿದರೆ ಸಣ್ಣ ಹಿಂದುಮುಂದೂ ಕಿವಿಗೆ ಚುಚ್ಚುತ್ತದೆ. ನಿಧಾನದ ಭಾವಗೀತೆಯಲ್ಲಿ, ಆಲಾಪದಿಂದ ಶುರುವಾಗುವ ಹಾಡಿನಲ್ಲಿ ಅದು ಗೊತ್ತೇ ಆಗುವುದಿಲ್ಲ.

ನಿನ್ನೆ ಹಾಗೇ ಒಂದು ಹಾಡು. ಪಲ್ಲವಿ ತಿರುಗಿ ಬರುವ ಮುಂಚೆ ಹಾಡುವವರು ಉಸಿರು ಎಳೆದುಕೊಳ್ಳುವುದು ಕೇಳಿಸಿತು. "ಈಗ ಕೇಳಿಸಿತಾ?" ಅಂದರು ಇವರು. ನನಗೂ ಆಗಲೇ ಕೇಳಿಸಿತ್ತು.